ಬುಲೆಟ್ ಪಟ್ಟಿ ಸಾಕಾ, ಟೇಬಲ್ ಬೇಕಾ? 60 ಸಾವಿರ ರೂಪಾಯಿಯ ಲೆಕ್ಕ

ಈ ವಾರದ ಸಂಚಿಕೆ ಕೇಳಿದವರಿಗೆ ಗೊತ್ತು, ನಾನು ಮಾತಾಡಿದ್ದು ಬರವಣಿಗೆಯ ಒಂದು ಸಣ್ಣ ತೀರ್ಮಾನದ ಬಗ್ಗೆ. ಮಾಹಿತಿಯನ್ನ ಚುಕ್ಕೆ ಇಟ್ಟು ಒಂದರ ಕೆಳಗೊಂದು ಬರೀಬೇಕಾ, ಇಲ್ಲ ಅಡ್ಡ-ಉದ್ದ ಗೆರೆ ಎಳೆದು ಟೇಬಲ್ ಮಾಡಬೇಕಾ? ಇದನ್ನ ನೋಡೋಕೆ ಚೆಂದ ಯಾವುದು ಅನ್ನೋ ಪ್ರಶ್ನೆ ಅಂದ್ಕೊಳ್ಳೋರು ತುಂಬಾ ಜನ. ನನ್ನ ಪ್ರಕಾರ ಓದುಗ ಆ ಮಾಹಿತಿ ಇಟ್ಕೊಂಡು ಏನು ಮಾಡ್ತಾನೆ ಅನ್ನೋದೇ ಇಲ್ಲಿ ಪ್ರಶ್ನೆ. ಕಿವಿಯಲ್ಲಿ ಕೇಳಿದಾಗ ಟೇಬಲ್ ಕಾಣಲ್ಲ, ಹಾಗಾಗಿ ಈ ಬಾರಿ ಟ್ರಾನ್ಸ್‌ಕ್ರಿಪ್ಟ್‌ನ ಸ್ವಲ್ಪ ತಿದ್ದಿ, ಟೇಬಲ್ ಸೇರಿಸಿ ಹಾಕಿದ್ದೀನಿ.

ಒಂದು ಉದಾಹರಣೆಯಿಂದಲೇ ಹೋಗೋಣ. ನನ್ನ ಚಿಕ್ಕಮ್ಮನ ಮಗಳು ಕೆಲಸಕ್ಕೆ ಸೇರಿ 60 ಸಾವಿರ ಉಳಿಸಿದ್ದಾಳೆ. 2 ವರ್ಷ ಆದಮೇಲೆ ಓದು ಮುಂದುವರಿಸಬೇಕು, ಆಗ ಫೀಸಿಗೆ ಆ ದುಡ್ಡು ಕೈಲಿರಬೇಕು. ಅಂಚೆ ಕಚೇರಿಯಲ್ಲಿ ಇಡೋಣ ಅಂತ ಯೋಚನೆ. ಅವಳಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಬಂದಿತ್ತು. ನನಗೂ ಕಳಿಸಿ, "ಅಕ್ಕಾ, ಎನ್‌ಎಸ್‌ಸಿ ತಗೊಳ್ಲಾ? ಅದಕ್ಕೇ ಬಡ್ಡಿ ಜಾಸ್ತಿ ಇದೆ" ಅಂದ್ಲು. ಫಾರ್ವರ್ಡ್ ಹೆಚ್ಚುಕಮ್ಮಿ ಹೀಗಿತ್ತು:

- ಎನ್‌ಎಸ್‌ಸಿ: ಶೇ 7.7 ಬಡ್ಡಿ! 5 ವರ್ಷ. ಸರ್ಕಾರದ ಗ್ಯಾರಂಟಿ.
- ಕಿಸಾನ್ ವಿಕಾಸ್ ಪತ್ರ: 115 ತಿಂಗಳಲ್ಲಿ ನಿಮ್ಮ ಹಣ ದುಪ್ಪಟ್ಟು!
- ಪಿಪಿಎಫ್: ಬಡ್ಡಿಗೆ ಒಂದು ರೂಪಾಯಿ ತೆರಿಗೆ ಇಲ್ಲ. ವರ್ಷಕ್ಕೆ 500 ರೂಪಾಯಿಂದ ಶುರು.
- ಟೈಮ್ ಡಿಪಾಸಿಟ್: 1, 2, 3, 5 ವರ್ಷಕ್ಕೆ ಇಡಬಹುದು. 1,000 ರೂಪಾಯಿ ಸಾಕು.

ಇದರಲ್ಲಿ ಸುಳ್ಳು ಒಂದೂ ಇಲ್ಲ, ನಾನು ಒಂದೊಂದೇ ತಾಳೆ ನೋಡಿದೆ. ಆದ್ರೂ ಇದನ್ನ ಓದಿ ಯಾರೂ ಸರಿಯಾದ ತೀರ್ಮಾನಕ್ಕೆ ಬರೋಕಾಗಲ್ಲ. ಯಾಕಂದ್ರೆ ಇಲ್ಲಿ ಪ್ರತಿ ಯೋಜನೆಯೂ ತನಗೆ ಬೇಕಾದ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತಿದೆ. ಒಂದು ಬಡ್ಡಿ ಹೇಳುತ್ತೆ, ಇನ್ನೊಂದು ದುಪ್ಪಟ್ಟು ಅನ್ನುತ್ತೆ, ಮತ್ತೊಂದು ತೆರಿಗೆ ವಿಷಯ ತೆಗೆಯುತ್ತೆ. ಸಂತೆಯಲ್ಲಿ ನಾಲ್ಕು ಅಂಗಡಿಯವರು ಒಟ್ಟಿಗೆ ಕೂಗಿದ ಹಾಗೆ. ಬುಲೆಟ್ ಪಟ್ಟಿಯ ಸ್ವಭಾವವೇ ಅದು: ಪ್ರತಿ ಚುಕ್ಕೆಯ ಮುಂದೆ ಏನು ಬೇಕಾದ್ರೂ ಬರೀಬಹುದು, ಏನು ಬೇಕಾದ್ರೂ ಬಿಡಬಹುದು. ಬಿಟ್ಟಿದ್ದು ಕಣ್ಣಿಗೆ ಬೀಳೋದೇ ಇಲ್ಲ.

ಟೇಬಲ್ ಹಾಗೆ ಬಿಡಲ್ಲ. ಮೇಲೆ ಒಂದು ಪ್ರಶ್ನೆ ಬರೆದ ತಕ್ಷಣ ಆ ಕಾಲಮ್‌ನಲ್ಲಿ ನಾಲ್ಕೂ ಯೋಜನೆಗಳು ಅದೇ ಪ್ರಶ್ನೆಗೆ ಉತ್ತರ ಹೇಳಬೇಕು. ನಾನು ಅವಳಿಗೆ ಟೇಬಲ್ ಹಾಕೋಕೆ ಕೂತಾಗ "ಮಧ್ಯದಲ್ಲಿ ದುಡ್ಡು ತೆಗೆಯಬಹುದಾ?" ಅಂತ ಒಂದು ಕಾಲಮ್ ಇಟ್ಟೆ. ಫಾರ್ವರ್ಡ್ ನೋಡ್ಕೊಂಡು ತುಂಬೋಕೆ ಹೋದ್ರೆ ನಾಲ್ಕೂ ಖಾನೆ ಖಾಲಿ. ಅವಳಿಗೆ ಮುಖ್ಯವಾಗಿ ಗೊತ್ತಾಗಬೇಕಿದ್ದ ಒಂದೇ ವಿಷಯ ಆ ಪಟ್ಟಿಯಲ್ಲಿ ಇರಲೇ ಇಲ್ಲ, ಆದ್ರೆ ಪಟ್ಟಿ ಓದುವಾಗ ಇಬ್ಬರಿಗೂ ಏನೋ ಕಮ್ಮಿ ಇದೆ ಅನಿಸಿರಲಿಲ್ಲ. ನಿಯಮ ನೋಡಿ ತುಂಬಿದ ಮೇಲೆ ಹೀಗಾಯ್ತು. ದರಗಳು 2024-25ನೇ ಸಾಲಿನವು. ಹಣಕಾಸು ಸಚಿವಾಲಯ 3 ತಿಂಗಳಿಗೊಮ್ಮೆ ಇವನ್ನ ಪರಿಶೀಲಿಸುತ್ತೆ, ಅದಕ್ಕೇ ಇಂಥ ಟೇಬಲ್ ಮೇಲೆ ವರ್ಷ ಬರೆಯದೇ ಇದ್ರೆ ಅದನ್ನ ನಂಬಬೇಡಿ.

| ಯೋಜನೆ | ಬಡ್ಡಿ (ಶೇ) | ಪೂರ್ತಿ ಅವಧಿ | ಮಧ್ಯದಲ್ಲಿ ತೆಗೆಯಬಹುದಾ? |
|---|---:|---|---|
| ಟೈಮ್ ಡಿಪಾಸಿಟ್ (2 ವರ್ಷದ್ದು) | 7.0 | 2 ವರ್ಷ | 6 ತಿಂಗಳ ನಂತರ, ಕಡಿಮೆ ಬಡ್ಡಿಗೆ |
| ಕಿಸಾನ್ ವಿಕಾಸ್ ಪತ್ರ | 7.5 | 9 ವರ್ಷ 7 ತಿಂಗಳು | 2 ವರ್ಷ 6 ತಿಂಗಳ ನಂತರ, ಕಡಿಮೆ ಬಡ್ಡಿಗೆ |
| ಎನ್‌ಎಸ್‌ಸಿ | 7.7 | 5 ವರ್ಷ | ಸಾಮಾನ್ಯವಾಗಿ ಇಲ್ಲ |
| ಪಿಪಿಎಫ್ | 7.1 | 15 ವರ್ಷ | 5 ವರ್ಷ ಕಳೆದ ಮೇಲೆ, ಒಂದು ಭಾಗ ಮಾತ್ರ |

ಈಗ ಕೊನೇ ಕಾಲಮ್ ಒಂದನ್ನೇ ಮೇಲಿಂದ ಕೆಳಕ್ಕೆ ಓದಿ. 2 ವರ್ಷಕ್ಕೆ ಪೂರ್ತಿ ದುಡ್ಡು ಕೈಗೆ ಬರೋದು ಒಂದೇ ಕಡೆ, ಅದೂ ಬಡ್ಡಿ ಎಲ್ಲಕ್ಕಿಂತ ಕಮ್ಮಿ ಇರೋ ಕಡೆ. ಎನ್‌ಎಸ್‌ಸಿಗೂ ಟೈಮ್ ಡಿಪಾಸಿಟ್‌ಗೂ ಇರೋ ವ್ಯತ್ಯಾಸ ಶೇ 0.7. 60 ಸಾವಿರಕ್ಕೆ ವರ್ಷಕ್ಕೆ 420 ರೂಪಾಯಿ. ಟೈಮ್ ಡಿಪಾಸಿಟ್‌ನಲ್ಲಿ ಬಡ್ಡಿ ಲೆಕ್ಕ ಹಾಕೋದು 3 ತಿಂಗಳಿಗೊಮ್ಮೆ ಆಗಿರೋದ್ರಿಂದ ನಿಜವಾದ ಅಂತರ ಅದಕ್ಕಿಂತಲೂ ಸಣ್ಣದು. ಅಷ್ಟು ದುಡ್ಡಿಗೋಸ್ಕರ ಫೀಸ್ ಕಟ್ಟೋ ಹೊತ್ತಿಗೆ 60 ಸಾವಿರ ಇನ್ನೂ 3 ವರ್ಷ ಸಿಕ್ಕಿಹಾಕ್ಕೊಂಡಿರ್ತಿತ್ತು. ಟೇಬಲ್ ನೋಡಿ ಅವಳು ಕೇಳಿದ್ದು ಒಂದೇ ಮಾತು: "ಮತ್ತೆ ಅದ್ರಲ್ಲಿ ಯಾಕೆ ಬರೆದಿಲ್ಲ ಇದನ್ನ?"

ಇದರಿಂದ ಒಂದು ಪರೀಕ್ಷೆ ಸಿಗುತ್ತೆ. ನಾನು ಮಾಡೋದು ಇದನ್ನೇ. ಪಟ್ಟಿ ಬರೆದ ಮೇಲೆ ಒಂದು ಚುಕ್ಕೆ ಪೂರ್ತಿ ಮುಚ್ಚಿಟ್ಟು ಉಳಿದದ್ದು ಓದ್ತೀನಿ. ಉಳಿದವುಗಳ ಅರ್ಥ ಕೆಡದಿದ್ರೆ, ಅವು ತಮ್ಮ ಪಾಡಿಗೆ ತಾವಿದ್ರೆ, ಅದು ಪಟ್ಟಿಯೇ. "ಇದು ಜಾಸ್ತಿ ಅಂತೀರಲ್ಲ, ಯಾವುದಕ್ಕಿಂತ?" ಅನ್ನೋ ಪ್ರಶ್ನೆ ಹುಟ್ಟಿದ್ರೆ ಓದುಗನ ಕಣ್ಣು ಚುಕ್ಕೆಯಿಂದ ಚುಕ್ಕೆಗೆ ಹತ್ತಿ ಇಳಿಯಬೇಕಾಗುತ್ತೆ. ಆಗ ಟೇಬಲ್ ಬೇಕು. ಇನ್ನೊಂದು ಗುರುತೂ ಇದೆ. ಪ್ರತಿ ಚುಕ್ಕೆಯಲ್ಲೂ "ಬಡ್ಡಿ... ಅವಧಿ... ಕನಿಷ್ಠ ಮೊತ್ತ..." ಅಂತ ಅವೇ ಪದಗಳು ಮತ್ತೆ ಮತ್ತೆ ಬರ್ತಿದ್ರೆ ಆ ಪದಗಳು ಕಾಲಮ್‌ನ ತಲೆಬರಹ ಆಗೋಕೆ ಕಾಯ್ತಿವೆ ಅಂತ ಅರ್ಥ.

ಹಾಗಂತ ಎಲ್ಲವನ್ನೂ ಟೇಬಲ್‌ಗೆ ತುರುಕೋರನ್ನ ಕಂಡ್ರೂ ನನಗೆ ಸಿಟ್ಟು ಬರುತ್ತೆ. ಅಂಚೆ ಕಚೇರಿಗೆ ಹೋಗುವಾಗ ಏನೇನು ತಗೊಂಡು ಹೋಗ್ಬೇಕು? ಆಧಾರ್, ಪ್ಯಾನ್, ಫೋಟೊ. ಇದರಲ್ಲಿ ಹೋಲಿಸೋಕೆ ಏನಿದೆ? ಇದನ್ನ "ದಾಖಲೆ" ಒಂದು ಕಾಲಮ್, "ಬೇಕಾ?" ಇನ್ನೊಂದು ಕಾಲಮ್ ಮಾಡಿ, ಕೆಳಗೆ ಹೌದು, ಹೌದು, ಹೌದು ಅಂತ ಬರೆದಿರೋದನ್ನ ನಾನು ನೋಡಿದ್ದೀನಿ. ಒಂದು ಕಾಲಮ್ ಪೂರ್ತಿ ಒಂದೇ ಉತ್ತರ ಇದ್ರೆ ಅದು ಕಾಲಮ್ ಅಲ್ಲ, ಮೇಲೆ ಒಂದು ವಾಕ್ಯ ಬರೆದ್ರೆ ಸಾಕು. ನಮ್ಮ ಟೇಬಲ್‌ನಲ್ಲಿ ಕನಿಷ್ಠ ಮೊತ್ತದ ಕಾಲಮ್ ನಾನು ಬಿಟ್ಟಿದ್ದಕ್ಕೆ ಕಾರಣವೂ ಇದೇ ಥರದ್ದು. 60 ಸಾವಿರ ಇರೋಳಿಗೆ ಕನಿಷ್ಠ 500 ಆದ್ರೇನು, 1,000 ಆದ್ರೇನು?

ಟೇಬಲ್‌ನಲ್ಲಿ ಹುಷಾರಾಗಿರಬೇಕಾದ ಜಾಗವೂ ಇದೆ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬಡ್ಡಿ ಕಾಲಮ್ ಮತ್ತೊಮ್ಮೆ ನೋಡಿ. 7.0, 7.5, 7.7, 7.1, ನಾಲ್ಕೂ ಒಂದೇ ಜಾತಿಯ ಅಂಕಿಗಳ ಥರ ಕಾಣ್ತವೆ. ಆದ್ರೆ ಅಲ್ಲ. ಮೊದಲ ಮೂರರಲ್ಲಿ ನೀವು ದುಡ್ಡು ಇಟ್ಟ ದಿನದ ದರವೇ ಅವಧಿ ಮುಗಿಯೋ ತನಕ ಇರುತ್ತೆ. ಪಿಪಿಎಫ್‌ನ 7.1 ಹಾಗಲ್ಲ, ಸರ್ಕಾರ ದರ ಬದಲಿಸಿದ್ರೆ ನಿಮ್ಮ ಹಳೇ ಖಾತೆಗೂ ಬದಲಾಗುತ್ತೆ. ಒಂದೇ ಸಾಲಲ್ಲಿ ನಿಲ್ಲಿಸಿದ ತಕ್ಷಣ ಓದುಗ ಅವನ್ನ ಹೋಲಿಸಿಬಿಡ್ತಾನೆ, ಹೋಲಿಸಬಾರದು ಅಂತ ಟೇಬಲ್ ಹೇಳಲ್ಲ. ಪಟ್ಟಿ ವಿಷಯ ಮುಚ್ಚಿಡುತ್ತೆ, ಟೇಬಲ್ ವ್ಯತ್ಯಾಸ ಮುಚ್ಚಿಡುತ್ತೆ. ಅದಕ್ಕೆ ಇಂಥ ಖಾನೆ ಇದ್ರೆ ಟೇಬಲ್‌ನ ಕೆಳಗೇ ಒಂದು ಸಾಲು ಬರೆಯಬೇಕು. ಎನ್‌ಎಸ್‌ಸಿ ಮುಂದೆ "ಸಾಮಾನ್ಯವಾಗಿ ಇಲ್ಲ" ಅಂತ ಬರೆದಿದ್ದೀನಲ್ಲ, ಅಲ್ಲಿಯೂ ಅಷ್ಟೇ. ಖಾತೆದಾರರು ತೀರಿಕೊಂಡ್ರೆ, ಕೋರ್ಟ್ ಆದೇಶ ಇದ್ರೆ, ಅಥವಾ ಅಡ ಇಟ್ಟ ಪತ್ರವನ್ನ ಸಾಲ ಕೊಟ್ಟವರು ಮುಟ್ಟುಗೋಲು ಹಾಕಿಕೊಂಡ್ರೆ ಮುಂಚೆಯೇ ಮುರಿಯಬಹುದು. ಇಷ್ಟನ್ನೂ ಖಾನೆಯೊಳಗೆ ತುಂಬಿದ್ರೆ ಅದೊಂದು ಸಾಲು ಉದ್ದ ಆಗಿ ಉಳಿದ ಮೂರು ಸಾಲು ಓದೋಕೆ ಆಗಲ್ಲ. ಕಾರಣ, ಷರತ್ತು, "ಆದರೆ" ಇವೆಲ್ಲ ವಾಕ್ಯದಲ್ಲೇ ಇರಲಿ.

ಅಂದ ಹಾಗೆ ಫಾರ್ವರ್ಡ್‌ನ 115 ತಿಂಗಳನ್ನ ನಾನು 9 ವರ್ಷ 7 ತಿಂಗಳು ಅಂತ ಮಾಡಿದ್ದು ಗಮನಿಸಿದ್ರಾ? ಪಕ್ಕದಲ್ಲಿ 5 ವರ್ಷ, 15 ವರ್ಷ ಅಂತಿರುವಾಗ ಇದೊಂದು ತಿಂಗಳಲ್ಲಿದ್ರೆ ಓದೋರೇ ಭಾಗಾಕಾರ ಮಾಡ್ಕೋಬೇಕು.

ಈಗ ಫೋನಿನ ವಿಷಯ, ಯಾಕಂದ್ರೆ ನೀವು ಇದನ್ನ ಓದ್ತಿರೋದು ಅಲ್ಲೇ. ಫೋನಿನ ಪರದೆ ಉದ್ದ ಜಾಸ್ತಿ, ಅಗಲ ಕಮ್ಮಿ. ಹಾಗಾಗಿ ಸಂಖ್ಯೆಯಲ್ಲಿ ಜಾಸ್ತಿ ಇರೋದು ಕೆಳಮುಖವಾಗಿ ಬರಲಿ, ಕಮ್ಮಿ ಇರೋದು ಅಡ್ಡಲಾಗಿ. ಹತ್ತು ಯೋಜನೆ, ಮೂರು ಪ್ರಶ್ನೆ ಇದ್ರೆ ಯೋಜನೆಗಳು ಸಾಲುಗಳಾಗಬೇಕು. ನಾಲ್ಕು ಕಾಲಮ್ ದಾಟಿದ್ರೆ ಪಕ್ಕಕ್ಕೆ ಎಳೆಯಬೇಕಾಗುತ್ತೆ, ಎಳೆದ ತಕ್ಷಣ ಯೋಜನೆಯ ಹೆಸರು ಪರದೆಯಿಂದ ಆಚೆ ಹೋಗಿ ಯಾವ ಅಂಕಿ ಯಾರದ್ದು ಅಂತ ಮರೆತುಹೋಗುತ್ತೆ. ಟೇಬಲ್‌ನ ಫೋಟೊ ತೆಗೆದು ಹಾಕೋದಂತೂ ಬೇಡವೇ ಬೇಡ. ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರ್‌ಗೆ ನಿಜವಾದ ಟೇಬಲ್‌ನ ಖಾನೆ ಖಾನೆಯಾಗಿ ಓದೋಕೆ ಬರುತ್ತೆ. ಫೋಟೊದಲ್ಲಿ ಸಾಲು ಯಾವುದು, ಕಾಲಮ್ ಯಾವುದು ಅನ್ನೋದೇ ಅದಕ್ಕೆ ತಿಳಿಯಲ್ಲ.

ಕೆಲವು ಕಡೆ ಟೇಬಲ್ ಹಾಕೋಕೇ ಆಗಲ್ಲ. ಅನೇಕ ಪಾಡ್‌ಕಾಸ್ಟ್ ಆ್ಯಪ್‌ಗಳು ಸಂಚಿಕೆಯ ವಿವರಣೆಯಲ್ಲಿ `<ul>`, `<li>` ಒಪ್ಪುತ್ತವೆ, `<table>` ಹಾಕಿದ್ರೆ ಗೆರೆಗಳು ಮಾಯ ಆಗಿ ಎಲ್ಲಾ ಅಂಕಿ ಒಂದೇ ಉಂಡೆ. ವಾಟ್ಸ್ಆ್ಯಪ್ ಮೆಸೇಜ್‌ನಲ್ಲೂ ಚುಕ್ಕೆ ಹಾಕಬಹುದು, ಟೇಬಲ್ ಇಲ್ಲ. ಸ್ಪೇಸ್ ಒತ್ತಿ ಒತ್ತಿ ಕಾಲಮ್ ಮಾಡೋ ಇಂಗ್ಲಿಷ್ ಚಾಳಿ ಕನ್ನಡಕ್ಕೆ ನಡೆಯಲ್ಲ. "ರ" ಹಿಡಿಯೋ ಜಾಗಕ್ಕೂ "ಣೌ" ಹಿಡಿಯೋ ಜಾಗಕ್ಕೂ ಎಷ್ಟು ವ್ಯತ್ಯಾಸ ನೋಡಿ. ನಿಮ್ಮ ಫೋನಲ್ಲಿ ನೇರ ನಿಂತದ್ದು ಇನ್ನೊಬ್ಬರ ಫೋನಲ್ಲಿ ಸೊಟ್ಟ.

ಅಂಥ ಕಡೆ ನಾನು ಪಟ್ಟಿಯನ್ನೇ ತಿರುಗಿಸಿ ಬರೀತೀನಿ. ಯೋಜನೆಯ ಹೆಸರಿಂದ ಶುರು ಮಾಡೋ ಬದಲು, ಟೇಬಲ್‌ನಲ್ಲಿ ತೀರ್ಮಾನ ಕೊಟ್ಟ ಕಾಲಮ್ ಯಾವುದೋ ಅದರಿಂದ ಶುರು ಮಾಡ್ತೀನಿ. ಅವಳ ಆಫೀಸಿನ ಗೆಳತಿಯರಿಗೆ ಕಳಿಸೋಕೆ ಅಂತ ಕೇಳಿದಾಗ ಬರೆದುಕೊಟ್ಟಿದ್ದು ಇದು:

- ದುಡ್ಡು 2 ವರ್ಷಕ್ಕೆ ಬೇಕೇ ಬೇಕು: 2 ವರ್ಷದ ಟೈಮ್ ಡಿಪಾಸಿಟ್.
- ಎರಡೂವರೆ ವರ್ಷ ಆದಮೇಲೆ ಬೇಕಾಗಬಹುದು, ಗೊತ್ತಿಲ್ಲ: ಕಿಸಾನ್ ವಿಕಾಸ್ ಪತ್ರ.
- 5 ವರ್ಷ ಮುಟ್ಟೋದೇ ಇಲ್ಲ: ಎನ್‌ಎಸ್‌ಸಿ.
- 15 ವರ್ಷ ಮರೆತುಬಿಡ್ತೀನಿ: ಪಿಪಿಎಫ್.