ಮುರಿಯದ ಜಂತೆ, ಅದುರುವ ಅಟ್ಟ

ಮಲೆನಾಡಿನ ಹಳೆಯ ಮನೆಗಳ ಅಟ್ಟಕ್ಕೆ ಈಗ ಹೊಸ ಕೆಲಸ ಬಂದಿದೆ. ಹಿಂದೆ ಕಂಚಿನ ಪಾತ್ರೆ, ಹಳೆಯ ತೊಟ್ಟಿಲು, ಒಣಗಿದ ಸೌತೆಕಾಯಿ ಇಡುತ್ತಿದ್ದ ಜಾಗದಲ್ಲಿ ಈಗ ಮಂಚ ಹಾಕುತ್ತಾರೆ, ಹೋಮ್‌ಸ್ಟೇ ಕೋಣೆ ಮಾಡುತ್ತಾರೆ. ಹಳೆಯ ಜಂತೆಗಳನ್ನು ತೆಗೆದು ಹೊಸದು ಹಾಕಿಸುವಾಗ ಆಚಾರಿ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟಕ್ಕೆ ಎಷ್ಟು? ಮೂರಕ್ಕೆ ಐದು ಸಾಕೋ, ಆರು ಬೇಕೋ? ಹೆಚ್ಚಿನ ಮನೆಯವರು ಉತ್ತರವನ್ನು ಆಚಾರಿಗೇ ಬಿಡುತ್ತಾರೆ. ಆತ ಹಿಂದಿನ ಮನೆಯಲ್ಲಿ ಹಾಕಿದ್ದನ್ನೇ ಹೇಳುತ್ತಾನೆ. ಆದರೆ ಹಿಂದಿನ ಮನೆಯ ಕೋಣೆ ಹತ್ತಡಿ ಅಗಲ ಇದ್ದು, ನಿಮ್ಮದು ಹನ್ನೆರಡು ಅಡಿ ಇದ್ದರೆ ಆ ಉತ್ತರ ನಿಮಗೆ ಹೊಂದುವುದಿಲ್ಲ.

ಒಂದು ಕೋಣೆಯನ್ನೇ ಹಿಡಿದು ಲೆಕ್ಕ ಮಾಡೋಣ. ಗೋಡೆಯಿಂದ ಗೋಡೆಗೆ 12 ಅಡಿ, ಅಂದರೆ ಸುಮಾರು 3.6 ಮೀಟರ್. ಜಂತೆಗಳ ನಡುವೆ ಒಂದೂವರೆ ಅಡಿ, 45 ಸೆಂಟಿಮೀಟರ್. ಮೇಲೆ ಒಂದಿಂಚಿನ ಹಲಗೆ. ಮರ ತೇಗ. ಜಂತೆಯ ದಪ್ಪ 3 ಇಂಚು ಎಂದು ಮೊದಲೇ ಗೊತ್ತುಮಾಡಿಕೊಂಡು, ಎತ್ತರ ಎಷ್ಟಿರಬೇಕು ಎಂಬುದನ್ನಷ್ಟೇ ಹುಡುಕೋಣ.

ಮೊದಲು ಭಾರ. ವಾಸದ ಕೋಣೆಯ ಮೇಲೆ ಜನ, ಮಂಚ, ಕಪಾಟು ಎಲ್ಲ ಸೇರಿ ಚದರ ಮೀಟರಿಗೆ 200 ಕಿಲೋ ಹಿಡಿಯಬೇಕೆಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ಹಲಗೆ, ಜಂತೆ, ಕೆಳಗಿನ ಮುಚ್ಚಿಗೆ ಇವುಗಳ ಸ್ವಂತ ತೂಕಕ್ಕೆ ಇನ್ನೊಂದು 50 ಕಿಲೋ ಇಟ್ಟುಕೊಂಡರೆ ಒಟ್ಟು 250. ಒಂದೊಂದು ಜಂತೆಯೂ ತನ್ನ ಎರಡೂ ಮಗ್ಗುಲಿನ ಅರ್ಧರ್ಧ ಜಾಗವನ್ನು ಹೊರುವುದರಿಂದ, ಅದರ ಪಾಲಿಗೆ ಬರುವುದು ಮೀಟರಿಗೆ ಸುಮಾರು 112 ಕಿಲೋ, ಇಡೀ ಉದ್ದಕ್ಕೆ 405 ಕಿಲೋ. ಒಂದು ಎಚ್ಚರಿಕೆ: ಐವತ್ತು ಕಿಲೋ ಅಕ್ಕಿಮೂಟೆ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತದೆ. ಮೂಟೆಗಳನ್ನು ಎರಡು ಸಾಲು ಪೇರಿಸಿದರೆ ಅಲ್ಲಿಗೇ 200 ಕಿಲೋ ಮುಗಿಯಿತು. ಅಟ್ಟದ ಒಂದು ಮೂಲೆಯನ್ನಾದರೂ ಉಗ್ರಾಣ ಮಾಡುವ ಯೋಚನೆಯಿದ್ದರೆ ಈ ಲೆಕ್ಕ ನಿಮ್ಮದಲ್ಲ.

ಈ 405 ಕಿಲೋ ಜಂತೆಯನ್ನು ಬಾಗಿಸುತ್ತದೆ. ಬಾಗಿದಾಗ ಮೇಲ್ಮೈಯ ನಾರುಗಳು ಒತ್ತಿಕೊಳ್ಳುತ್ತವೆ, ಕೆಳಮೈಯ ನಾರುಗಳು ಹಿಗ್ಗುತ್ತವೆ. ಎಳೆತ ಅತಿ ಹೆಚ್ಚಿರುವುದು ನಡುಮಧ್ಯದ ಕೆಳ ಅಂಚಿನಲ್ಲಿ. ಅದಕ್ಕೇ ಒಳ್ಳೆಯ ಆಚಾರಿ ಗಂಟಿರುವ ಮಗ್ಗುಲನ್ನು ಮೇಲೆ ಮಾಡಿ ಕೂರಿಸುತ್ತಾನೆ. ಮರದ ಕಟ್ಟಡಗಳ ಮಾನಕ ಐಎಸ್ 883 ಮರಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿದೆ. ತೇಗ ಬಿ ಗುಂಪಿನದು. ಆ ಗುಂಪಿನ ಕನಿಷ್ಠ ಮಟ್ಟವನ್ನೇ ಹಿಡಿದರೂ ಬಾಗುವಿಕೆಯಲ್ಲಿ ಚದರ ಸೆಂಟಿಮೀಟರಿಗೆ 120 ಕಿಲೋವರೆಗೆ ಒತ್ತಡ ಕೊಡಬಹುದು. ನಮ್ಮ ಭಾರಕ್ಕೆ 3×4ರ ಜಂತೆಯಲ್ಲಿ ಈ ಒತ್ತಡ 146 ಆಗುತ್ತದೆ, ಆಗದು. 3×5ರಲ್ಲಿ 93. ಪಾಸು.

ಬಹುಪಾಲು ಜನ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. 3×5 ಮುರಿಯುವುದಿಲ್ಲ, ನಿಜ. ಆದರೆ ಮುರಿಯದಿರುವುದು ಬೇರೆ, ಬಗ್ಗದಿರುವುದು ಬೇರೆ. ಅದೇ ಜಂತೆ ಪೂರ್ತಿ ಭಾರಕ್ಕೆ ನಡುವಿನಲ್ಲಿ 20 ಮಿಲಿಮೀಟರ್ ತಗ್ಗುತ್ತದೆ. ಮಾನಕದ ಮಿತಿ ಉದ್ದದ 240ನೆಯ ಒಂದು ಭಾಗ, ಅಂದರೆ ನಮ್ಮ ಕೋಣೆಗೆ 15 ಮಿಲಿಮೀಟರ್. ಕೆಳಗೆ ಜಿಪ್ಸಮ್ ಮುಚ್ಚಿಗೆಯಂಥ ಬಿರುಕು ಬಿಡುವ ವಸ್ತು ಇದ್ದರೆ 360ನೆಯ ಒಂದು ಭಾಗ, 10 ಮಿಲಿಮೀಟರ್ ಮಾತ್ರ. ಹಾಗಾಗಿ 3×5 ಇಲ್ಲಿ ಫೇಲು. 3×6ರಲ್ಲಿ ತಗ್ಗು 12 ಮಿಲಿಮೀಟರ್ ಆಸುಪಾಸು. ಬರೀ ಹಲಗೆ ಅಟ್ಟಕ್ಕೆ ಸಾಕು, ಜಿಪ್ಸಮ್ಮಿಗೆ ಸಾಲದು.

ಒಂದಿಂಚು ಎತ್ತರ ಹೆಚ್ಚಿಸಿದ್ದಕ್ಕೆ ಇಷ್ಟೊಂದು ವ್ಯತ್ಯಾಸವೇಕೆ? ಬಲ ಎತ್ತರದ ವರ್ಗದಂತೆ ಏರುತ್ತದೆ, ಬಿಗಿ ಎತ್ತರದ ಘನದಂತೆ ಏರುತ್ತದೆ. ದಪ್ಪ ಹೆಚ್ಚಿಸಿದರೆ ಎರಡೂ ನೇರ ಪ್ರಮಾಣದಲ್ಲಷ್ಟೇ ಹೆಚ್ಚುತ್ತವೆ. 4×5ರ ಜಂತೆಗೆ 3×6ಕ್ಕಿಂತ ಹೆಚ್ಚು ಮರ ಬೇಕು. ಆದರೂ ಬಗ್ಗುವುದು ಅದೇ ಹೆಚ್ಚು. ದಪ್ಪ ಮರ ಕಂಡರೆ ನಮಗೆ ಧೈರ್ಯ ಬರುತ್ತದೆ, ಅಷ್ಟೇ. ದುಡ್ಡು ಹಾಕಬೇಕಾದದ್ದು ಎತ್ತರಕ್ಕೆ. ಹಾಗೆಂದು ತೆಳ್ಳಗೆ ಎತ್ತರಕ್ಕೆ ಸೀಳಿಸಿದರೂ ಅಪಾಯವಿದೆ: ದಪ್ಪದ ಮೂರು ಪಟ್ಟಿಗಿಂತ ಎತ್ತರವಾದರೆ ಜಂತೆ ಮಗ್ಗುಲಿಗೆ ಹೊರಳದಂತೆ ಆಧಾರ ಕೊಡಲೇಬೇಕು.

ಹಸಿ ಮರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇಲಿನ ಲೆಕ್ಕವೆಲ್ಲ ಒಣಗಿದ ಮರದ್ದು, ಭಾರ ಹಾಕಿದ ದಿನದ್ದು. ಮರ ವರ್ಷಗಟ್ಟಲೆ ಭಾರ ಹೊತ್ತರೆ ನಿಧಾನವಾಗಿ ಇನ್ನಷ್ಟು ಜೋಲುತ್ತದೆ. ಹಸಿಯಲ್ಲೇ ಏರಿಸಿ, ಭಾರದಡಿಯಲ್ಲಿ ಒಣಗಲು ಬಿಟ್ಟರೆ ಈ ಜೋಲು ದುಪ್ಪಟ್ಟೂ ಆಗಬಹುದು. ಹಳೆಯ ಅಟ್ಟಗಳಲ್ಲಿ ಕಾಣುವ ತೊಟ್ಟಿಲಿನಂಥ ತಗ್ಗಿನ ಹಿಂದೆ ಹಲವು ಸಲ ಇರುವ ಕಾರಣ ಇದೇ.

ಇನ್ನು ಜಂತೆಯ ತುದಿಗಳು. ಇಸ್ಪೀಟಿನ ಕಟ್ಟನ್ನು ಬಾಗಿಸಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವಲ್ಲ, ಜಂತೆಯೊಳಗಿನ ಪದರಗಳಿಗೂ ಹಾಗೇ ಜಾರುವ ಒತ್ತಡ ಇರುತ್ತದೆ. ಇದನ್ನು ಕತ್ತರಿಬಲ ಎನ್ನುತ್ತಾರೆ. ಅದು ಅತಿ ಹೆಚ್ಚಿರುವುದು ಗೋಡೆಯ ಹತ್ತಿರ. ನಮ್ಮ ಜಂತೆಯ ಪ್ರತಿ ತುದಿಗೂ 200 ಕಿಲೋ ಬರುತ್ತದೆ. ಅದಕ್ಕೆ 3×7ರಲ್ಲಿ ಹುಟ್ಟುವ ಕತ್ತರಿ ಒತ್ತಡ ಚದರ ಸೆಂಟಿಮೀಟರಿಗೆ ಎರಡೂ ಕಾಲು ಕಿಲೋದಷ್ಟು. ತೇಗ ಹತ್ತರ ಮೇಲೂ ತಾಳುತ್ತದೆ. ಮನೆಯ ಅಟ್ಟದ ಲೆಕ್ಕದಲ್ಲಿ ಕತ್ತರಿಬಲ ತಾನಾಗಿ ತೊಂದರೆ ಕೊಡುವುದು ಅಪರೂಪ.

ತೊಂದರೆ ತರುವುದು ನಾವೇ. ಗೋಡೆಯಲ್ಲಿ ಹಳೆಯ ಜಂತೆಯ ಗೂಡು ಮೂರಿಂಚು ಎತ್ತರದ್ದಿದೆ ಎನ್ನಿ. ಹೊಸ ಏಳಿಂಚಿನ ಜಂತೆ ಅದರಲ್ಲಿ ಹೋಗುವುದಿಲ್ಲ. ಗೂಡು ದೊಡ್ಡದು ಮಾಡುವುದು ರೇಜಿಗೆ. ಜಂತೆಯ ತುದಿಯನ್ನು ಕೆಳಗಿನಿಂದ ನಾಲ್ಕಿಂಚು ಕೆತ್ತಿ ತೂರಿಸುವುದು ಸುಲಭ. ಹೀಗೆ ಮಾಡಿದರೆ ಉಳಿದ ಮೂರಿಂಚಿನ ಮೇಲೆ ಕತ್ತರಿ ಒತ್ತಡ ಐದು ಪಟ್ಟಿಗೂ ಮೇಲೆ ಏರಿ 12 ದಾಟುತ್ತದೆ. ಅದಕ್ಕಿಂತ ಕೆಟ್ಟದ್ದು, ಕೆತ್ತಿದ ಒಳಮೂಲೆಯಿಂದ ಸೀಳು ಹೊರಟು ನಾರಿನ ಜಾಡಿನಲ್ಲೇ ಜಂತೆಯ ನಡುವಿನ ಕಡೆಗೆ ಓಡುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಟಾರ್ಚು ಹಿಡಿದು ನೋಡಿ: ಗೋಡೆಯ ಪಕ್ಕ ಕೆತ್ತಿದ ಜಂತೆಯಿದ್ದು, ಆ ಮೂಲೆಯಿಂದ ಅಡ್ಡಕ್ಕೆ ಕೂದಲೆಳೆಯಷ್ಟು ಸೀಳು ಕಂಡರೆ, ಅದರ ಕೆಳಗೆ ಮೊದಲು ಒಂದು ಕಂಬ ಕೊಟ್ಟು ಆಮೇಲೆ ಮುಂದಿನ ಮಾತು.

ತುದಿ ಗೋಡೆಯ ಮೇಲೆ ಕೂರುವ ಜಾಗದ ಲೆಕ್ಕ ಇನ್ನೂ ಸರಳ. ಮೂರಿಂಚು ಅಗಲದ ಜಂತೆ ಗೋಡೆಯೊಳಗೆ ಮೂರಿಂಚು ಹೋದರೆ, 200 ಕಿಲೋ ಹಂಚಿ ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋದೊಳಗೆ ಬೀಳುತ್ತದೆ. ಮರಕ್ಕೆ ಇದು ಏನೇನೂ ಅಲ್ಲ. ಆದರೆ ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆಗೆ, ಅದರಲ್ಲೂ ಗೋಡೆಯ ಅಂಚಿಗೆ, ಇದು ಸಣ್ಣದಲ್ಲ. ಜಂತೆ ಒಂದಿಂಚಷ್ಟೇ ಒಳಹೋಗಿದ್ದರೆ ಮರ ನಜ್ಜಾಗುವ ಮೊದಲೇ ಗೋಡೆಯ ಅಂಚು ಉದುರುತ್ತದೆ. ಅದಕ್ಕೇ ಗೋಡೆಯ ಉದ್ದಕ್ಕೂ ಒಂದು ಮರದ ಪಟ್ಟಿ ಹಾಸಿ ಜಂತೆಗಳನ್ನು ಅದರ ಮೇಲೆ ಕೂರಿಸುವುದು; ಭಾರ ಒಂದೊಂದು ಕಡೆ ಚುಚ್ಚದೆ ಉದ್ದಕ್ಕೂ ಹರಡುತ್ತದೆ. ಮಲೆನಾಡಿನ ಮಳೆಗೆ ಗೋಡೆ ತೇವ ಹಿಡಿಯುವುದರಿಂದ ಕೊಳೆಯುವುದೂ ಗೆದ್ದಲು ಹಿಡಿಯುವುದೂ ಮೊದಲು ಈ ತುದಿಯೇ. ತುದಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು, ಸುತ್ತ ಗಾಳಿಯಾಡಲು ಅರ್ಧ ಇಂಚು ಸಂದು ಬಿಡಿಸಿ. ಸಿಮೆಂಟಿನಲ್ಲಿ ಹುದುಗಿಸಬೇಡಿ.

ಬಲ, ತಗ್ಗು, ತುದಿ ಮೂರೂ ಆಯಿತು. 3×6 ಪಾಸಾಗಿದೆ. ಆದರೂ ಅಂಥ ಅಟ್ಟದಲ್ಲಿ ಮಲಗಿದ ಅತಿಥಿ ಬೆಳಿಗ್ಗೆ ದೂರುತ್ತಾನೆ: ಮಗು ಓಡಿದರೆ ಮಂಚ ಅಲ್ಲಾಡುತ್ತದೆ, ಗೂಡಿನಲ್ಲಿಟ್ಟ ಗಾಜಿನ ಲೋಟಗಳು ಕಿಣಿಕಿಣಿ ಅನ್ನುತ್ತವೆ.

ನಡೆಯುವಾಗ ನಾವು ಸೆಕೆಂಡಿಗೆ ಎರಡು ಹೆಜ್ಜೆಯಷ್ಟು ಇಡುತ್ತೇವೆ. ಆ ಬಡಿತದೊಳಗೆ ಎರಡರ ಜೊತೆಗೆ ನಾಲ್ಕು, ಆರರ ಅಲೆಗಳೂ ಇರುತ್ತವೆ. ಮನುಷ್ಯನ ಮೈ ಮೇಲೆ ಕೆಳಗಿನ ಅದುರನ್ನು ಅತಿ ಹೆಚ್ಚು ಗುರುತಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಅದುರಿದಾಗ. ಹಾಗಾಗಿ ಮರದ ನೆಲ ತಾನಾಗಿ ಅದುರುವ ವೇಗ ಎಂಟಕ್ಕಿಂತ ಮೇಲಿರಲಿ ಎಂದು ಯುರೋಪಿನ ಮಾನಕ ಬಯಸುತ್ತದೆ. ನಮ್ಮ ಲೆಕ್ಕದಲ್ಲಿ 3×5ಕ್ಕೂ ಈ ವೇಗ ಒಂಬತ್ತರ ಹತ್ತಿರ ಬರುತ್ತದೆ, 3×6ಕ್ಕೆ ಹನ್ನೊಂದೂವರೆ. ಎರಡೂ ಪಾಸಾದರೂ ಲೋಟ ಕಿಣಿಗುಟ್ಟುವುದು ನಿಲ್ಲದು. ವೇಗವೊಂದನ್ನೇ ನೋಡಿದರೆ ಸಾಲದೆನ್ನುವುದು ಇದಕ್ಕೇ. ಒಂದು ಹೆಜ್ಜೆ ಬಿದ್ದಾಗ ನೆಲ ಎಷ್ಟು ಕುಗ್ಗುತ್ತದೆ ಎಂಬುದನ್ನೂ ನೋಡಬೇಕು.

ಕೆನಡಾದಲ್ಲಿ ಮನೆಗಳ ನೆಲ ಬಹುಪಾಲು ಮರದ್ದೇ. ಅಲ್ಲಿನ ಕಟ್ಟಡ ಸಂಹಿತೆ ಇದಕ್ಕೊಂದು ನೇರ ಪರೀಕ್ಷೆ ಇಟ್ಟಿದೆ: ಕೋಣೆಯ ನಡುವೆ ಒಂದೇ ಕಡೆ ಸುಮಾರು ನೂರು ಕಿಲೋ ಭಾರ ಇಟ್ಟರೆ, ನಮ್ಮಷ್ಟು ಉದ್ದದ ಜಂತೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಕುಗ್ಗಬಾರದು. ಹಲಗೆ ಬಿಗಿಯಾಗಿ ಬಡಿದಿದ್ದು, ಜಂತೆಗಳ ನಡುವೆ ಅಡ್ಡತುಂಡುಗಳನ್ನು ಕೂರಿಸಿದ್ದರೆ ಆ ಭಾರದ ಅರ್ಧದಷ್ಟನ್ನು ಅಕ್ಕಪಕ್ಕದ ಜಂತೆಗಳು ಹಂಚಿಕೊಳ್ಳುತ್ತವೆ ಎಂದು ಇಟ್ಟುಕೊಳ್ಳೋಣ. ಆಗ 3×5 ನಾಲ್ಕು ಮಿಲಿಮೀಟರ್ ಕುಗ್ಗುತ್ತದೆ, 3×6 ಎರಡೂ ಕಾಲು, 3×7 ಹೆಚ್ಚುಕಡಿಮೆ ಒಂದೂವರೆ. ಮುರಿಯದಿರಲು ಐದಿಂಚು, ಜೋಲದಿರಲು ಆರಿಂಚು, ಸುಖವಾಗಿ ಮಲಗಲು ಏಳಿಂಚು ಬೇಕಾಯಿತು. ಏಳಿಂಚಿಗೆ ಹೋದರೆ ಜಿಪ್ಸಮ್ ಮುಚ್ಚಿಗೆಯ ಮಿತಿಯೂ ದಾಟುತ್ತದೆ, ಆಗಿನ ತಗ್ಗು ಏಳೂವರೆ ಮಿಲಿಮೀಟರ್ ಮಾತ್ರ.

ಈಗಾಗಲೇ ಇರುವ ಅಟ್ಟವನ್ನು ಪರೀಕ್ಷಿಸಲು ಲೆಕ್ಕ ಬೇಡ. ಕೋಣೆಯ ನಡುವೆ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಒಮ್ಮೆಲೇ ಕೆಳಗೆ ಬಿಡಿ. ಎರಡಡಿ ಆಚೆ ಕುರ್ಚಿಯಲ್ಲಿ ಕೂತವರಿಗೆ ಅದುರು ಗೊತ್ತಾಗಿ, ಅದು ಒಂದೇ ಗುದ್ದಿಗೆ ನಿಲ್ಲದೆ ಮುಂದುವರಿದರೆ ನೆಲ ಮೆತ್ತಗಿದೆ. ಜಂತೆ ಬದಲಿಸುವ ಮೊದಲು ನಡುಮಧ್ಯದಲ್ಲಿ ಜಂತೆಗಳಷ್ಟೇ ಎತ್ತರದ ಅಡ್ಡತುಂಡುಗಳನ್ನು ಬಿಗಿಯಾಗಿ ಕೂರಿಸಿ ನೋಡಿ. ಅನೇಕ ಸಲ ಅಷ್ಟಕ್ಕೇ ಸುಧಾರಿಸುತ್ತದೆ. ತುಂಡು ಸಡಿಲವಾಗಿದ್ದರೆ ಮಾತ್ರ ಏನೂ ಪ್ರಯೋಜನವಿಲ್ಲ, ಕಿರುಗುಟ್ಟುವ ಸದ್ದು ಹೆಚ್ಚುತ್ತದೆ ಅಷ್ಟೇ.

ಕೋಣೆ 14 ಅಡಿ ಇದ್ದರೆ 3×7ಕ್ಕೆ ಅಂಟಿಕೊಳ್ಳಬೇಡಿ. ಎರಡಡಿ ಹೆಚ್ಚಿದ್ದಕ್ಕೆ ತಗ್ಗು ದುಪ್ಪಟ್ಟಿನ ಸಮೀಪ ಏರುತ್ತದೆ. ಇದೇ ಸುಖ ಬೇಕಾದರೆ 3×9 ಬೇಕು. ಉಗ್ರಾಣವಿದ್ದರೆ, ಗೋಡೆ ಹಳತಾಗಿದ್ದರೆ, ಮರ ತೇಗವಲ್ಲದೆ ಬೇರೆ ಜಾತಿಯದಾಗಿದ್ದರೆ ಒಬ್ಬ ಎಂಜಿನಿಯರಿಗೆ ಮನೆಯನ್ನೇ ತೋರಿಸಿ. ಸಾಮಿಲ್ಲಿಗೆ ಅಳತೆ ಬರೆದುಕೊಡುವಾಗ ಇನ್ನೊಂದು ನೆನಪಿರಲಿ: ಏಳಿಂಚು ಎಂದು ಸೀಳಿದ ಮರ, ಉಜ್ಜುಕೊರಡು ಹಾಕಿದ ಮೇಲೆ ಆರೂಮುಕ್ಕಾಲು ಇಂಚಾಗುತ್ತದೆ, ಅಷ್ಟರಲ್ಲೇ ಬಿಗಿಯಲ್ಲಿ ಹತ್ತನೆಯ ಒಂದು ಭಾಗ ಹೋಯಿತು. ಉಜ್ಜಿದ ಮೇಲೆ ಏಳಿಂಚು ಉಳಿಯಬೇಕು ಎಂದೇ ಬರೆಯಿರಿ.