ಐದೂವರೆ ನಿಮಿಷ ಎಂದರೆ 5.30 ಅಲ್ಲ

ಓಟಗಾರರು ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಹೇಳುವುದು ಕಡಿಮೆ. ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ, ಎಷ್ಟು ಸೆಕೆಂಡು ಬೇಕಾಯಿತು ಎನ್ನುವುದೇ ಅವರ ಲೆಕ್ಕ. ಅದಕ್ಕೆ ಅವರು ಪೇಸ್ ಎನ್ನುತ್ತಾರೆ. ಕಿಲೋಮೀಟರಿಗೆ 5 ನಿಮಿಷ 30 ಸೆಕೆಂಡಿನಂತೆ 10 ಕಿ.ಮೀ. ಓಡಿದರೆ 55 ನಿಮಿಷವಾಗುತ್ತದೆ. ಆದರೆ ಕ್ಯಾಲ್ಕುಲೇಟರಿನಲ್ಲಿ 5.30 ಎಂದು ಒತ್ತಿ 10ರಿಂದ ಗುಣಿಸಿದರೆ 53 ಎಂಬ ಉತ್ತರ ಬರುತ್ತದೆ. ಎರಡು ನಿಮಿಷ ಮಾಯ! ಚುಕ್ಕಿಯ ಆಚೆಗಿನ ಅಂಕಿ ನೂರರ ಲೆಕ್ಕದ್ದು, ಸೆಕೆಂಡು ಅರವತ್ತರ ಲೆಕ್ಕದ್ದು.

ಸ್ಪ್ರೆಡ್‌ಶೀಟಿಗೆ ಈ ತೊಡಕಿಲ್ಲ. ಸಮಯವನ್ನು ಸಮಯವೆಂದೇ ತಿಳಿದುಕೊಳ್ಳುವ ವ್ಯವಸ್ಥೆ ಅದರೊಳಗೇ ಇದೆ. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಒಂದು ಇಡೀ ದಿನವನ್ನು 1 ಎಂದು ಎಣಿಸುತ್ತದೆ. ಮಧ್ಯಾಹ್ನ ಹನ್ನೆರಡು ಗಂಟೆ ಎಂದರೆ 0.5. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಐದೂವರೆ ನಿಮಿಷದ 330 ಸೆಕೆಂಡುಗಳು ಅದರ ಒಳಗೆ 0.003819 ಆಗಿ ಕೂರುತ್ತವೆ. ನಮ್ಮ ಪಂಚಾಂಗವೂ ದಿನವನ್ನೇ ಮೂಲಮಾನವಾಗಿ ಹಿಡಿದು ಅದನ್ನು 60 ಘಳಿಗೆಗಳಾಗಿ ಒಡೆಯುತ್ತದಲ್ಲ, ಅದೇ ಜಾಡು. ಪರದೆಯ ಮೇಲೆ ಕಾಣುವ 0:05:30 ಬರೀ ಮೇಲಿನ ಉಡುಪು. ಕೂಡುವುದು, ಭಾಗಿಸುವುದು ಎಲ್ಲವೂ ಒಳಗಿನ ದಶಮಾಂಶದಲ್ಲೇ ನಡೆಯುವುದರಿಂದ ಅರವತ್ತರ ಗೋಜಲು ನಮಗೆ ತಟ್ಟುವುದೇ ಇಲ್ಲ.

ಹಾಳೆಗೆ ನಾಲ್ಕು ಸೆಲ್‌ಗಳು ಸಾಕು. B1ರಲ್ಲಿ ದೂರ, B2ರಲ್ಲಿ ಹಿಡಿದ ಸಮಯ, B3ರಲ್ಲಿ ಪೇಸ್, B4ರಲ್ಲಿ ಗಂಟೆಗೆ ಕಿಲೋಮೀಟರ್.

```
B1: 10
B2: 0:55:00
B3: =B2/B1
B4: =B1/(B2*24)
```

B2ಕ್ಕೆ `[h]:mm:ss`, B3ಕ್ಕೆ `[m]:ss` ಎಂಬ ಫಾರ್ಮ್ಯಾಟ್ ಕೊಡಿ. ಚೌಕದ ಕಂಸ ಇಲ್ಲಿ ಮುಖ್ಯ. ಅದಿಲ್ಲದೆ `m:ss` ಎಂದಷ್ಟೇ ಕೊಟ್ಟರೆ ನಿಮಿಷ ಅರವತ್ತು ದಾಟಿದೊಡನೆ ಮತ್ತೆ ಸೊನ್ನೆಯಿಂದ ಶುರುವಾಗಿ, 75 ನಿಮಿಷದ ಓಟ ಬರೀ 15 ನಿಮಿಷವೆಂದು ಕಾಣುತ್ತದೆ. ಈಗ B3 5:30 ಎನ್ನುತ್ತದೆ, B4 10.91 ಎನ್ನುತ್ತದೆ. ಜಿಮ್ಮಿನ ಟ್ರೆಡ್‌ಮಿಲ್ ಗಂಟೆಗೆ ಕಿಲೋಮೀಟರಿನ ಲೆಕ್ಕ ಕೇಳುತ್ತದಾದ್ದರಿಂದ ಈ ನಾಲ್ಕನೆಯ ಸೆಲ್ ಕೂಡ ಕೆಲಸಕ್ಕೆ ಬರುತ್ತದೆ. ಅಲ್ಲಿ 24ರಿಂದ ಗುಣಿಸುವುದು ದಿನವನ್ನು ಗಂಟೆಗಳಾಗಿಸಲು. B4 ಕೆಲವೊಮ್ಮೆ ತಾನೇ ಸಮಯದ ಉಡುಪು ತೊಟ್ಟು ಅರ್ಥವಿಲ್ಲದ ಉತ್ತರ ತೋರಿಸಬಹುದು. ಅದರ ಫಾರ್ಮ್ಯಾಟನ್ನು `Number` ಎಂದು ಬದಲಿಸಿದರೆ ಸರಿಯಾಗುತ್ತದೆ.

ನಿಜವಾದ ಅಪಾಯ ಇರುವುದು B2ರಲ್ಲಿ ಸಮಯ ಬರೆಯುವಾಗ. 55 ನಿಮಿಷವೆಂದು ಮನಸ್ಸಿನಲ್ಲಿಟ್ಟುಕೊಂಡು 55:00 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 55 ಗಂಟೆ ಎಂದು ಓದುತ್ತದೆ. ಒಂದೇ ಕೋಲನ್ ಇದ್ದರೆ ಅದಕ್ಕೆ ಎಡಗಡೆಯದು ಗಂಟೆ, ಬಲಗಡೆಯದು ನಿಮಿಷ. ತಮಾಷೆ ಏನೆಂದರೆ ಈ ತಪ್ಪು ಸುಲಭವಾಗಿ ಬಯಲಾಗುವುದಿಲ್ಲ. 55 ಗಂಟೆಯನ್ನು 10ರಿಂದ ಭಾಗಿಸಿದರೆ ಐದೂವರೆ ಗಂಟೆ. ಅದನ್ನು `h:mm` ಫಾರ್ಮ್ಯಾಟಿನಲ್ಲಿ ನೋಡಿದರೆ ಕಾಣುವುದು ಅದೇ 5:30! ಗಂಟೆಗೆ ಅರವತ್ತು ನಿಮಿಷ, ನಿಮಿಷಕ್ಕೆ ಅರವತ್ತು ಸೆಕೆಂಡು. ಎರಡೂ ಕಡೆ ಅನುಪಾತ ಒಂದೇ ಆದ್ದರಿಂದ ಎಲ್ಲ ಬೆಲೆಗಳೂ ಸರಿಯಾಗಿ ಅರವತ್ತು ಪಟ್ಟು ಹಿಗ್ಗಿದ್ದರೂ ಅಂಕಿಗಳು ಮಾತ್ರ ಸಾಚಾ ಆಗಿಯೇ ಕಾಣುತ್ತವೆ. ಹೀಗೆ ಮಾಡಿದ ಹಾಳೆಯನ್ನು ವರ್ಷಗಟ್ಟಲೆ ನಂಬಿಕೊಂಡು ಓಡಬಹುದು.

ಗುಟ್ಟು ರಟ್ಟಾಗುವುದು ಬೇರೆ ಕಡೆ. ವೇಗದ ಸೆಲ್ 10.91ರ ಬದಲು 0.18 ಎಂದು ತೋರಿಸುತ್ತದೆ; ಅದು ಆಮೆಯ ವೇಗ. ಒಂದು ಓಟವನ್ನು 1:58:20 ಎಂದು ಸರಿಯಾಗಿ ಬರೆದು ಇನ್ನೊಂದನ್ನು 55:00 ಎಂದು ಬರೆದು ಕೂಡಿದರೆ ಮೂರು ಗಂಟೆಯೊಳಗೆ ಬರಬೇಕಾದ ಮೊತ್ತ 56 ಗಂಟೆ ದಾಟುತ್ತದೆ. ಅನುಮಾನ ಬಂದರೆ ಸಮಯದ ಸೆಲ್ಲನ್ನು `General` ಫಾರ್ಮ್ಯಾಟಿಗೆ ತಿರುಗಿಸಿ ನೋಡಿ. 55 ನಿಮಿಷವಾದರೆ 0.038, 55 ಗಂಟೆಯಾದರೆ 2.29. ಫಾರ್ಮ್ಯಾಟ್ ಬದಲಿಸಿದರೂ ಕೋಲನ್ ಹೋಗದೆ ಹಾಗೇ ಉಳಿದರೆ ಅದು ಸಂಖ್ಯೆಯೇ ಅಲ್ಲ, ಬರೀ ಅಕ್ಷರ. `SUM` ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ.

ಮದ್ದು ಸುಲಭ: ಮೊದಲಿಗೆ ಗಂಟೆಯ ಸೊನ್ನೆ ಬರೆದು 0:55:00 ಎನ್ನಿ. ಆದರೆ ಬೆವರು ಒರೆಸಿಕೊಳ್ಳುತ್ತಾ ಮೊಬೈಲಿನಲ್ಲಿ ಟೈಪ್ ಮಾಡುವವರಿಗೆ ಆ ಸೊನ್ನೆ ಮರೆತೇ ಮರೆಯುತ್ತದೆ. ಅದಕ್ಕೊಂದು ಕಾವಲು ಇಡುವುದು ಒಳ್ಳೆಯದು. ಯಾರೂ ಕಿಲೋಮೀಟರಿಗೆ 20 ನಿಮಿಷಕ್ಕಿಂತ ನಿಧಾನವಾಗಿ ಓಡುವುದಿಲ್ಲ, ಆದ್ದರಿಂದ C3ರಲ್ಲಿ ಹೀಗೆ ಬರೆಯಬಹುದು:

```
=IF(B3>TIME(0,20,0),"ಗಂಟೆಯ 0 ಬರೆದಿರಾ?","")
```

ಹಿಂದೆ ಓಡಿದ್ದರ ಲೆಕ್ಕಕ್ಕೆ ಇಷ್ಟು ಸಾಕು. ಮುಂದಿನ ಓಟಕ್ಕೆ ಗುರಿ ಇಟ್ಟುಕೊಳ್ಳುವಾಗ ಮಾತ್ರ ಸೆಕೆಂಡಿನ ಚೂರುಗಳೂ ಲೆಕ್ಕಕ್ಕೆ ಬರುತ್ತವೆ. ಹಾಫ್ ಮ್ಯಾರಥಾನ್ 21.0975 ಕಿ.ಮೀ. ಅದನ್ನು ಎರಡು ಗಂಟೆಯಲ್ಲಿ ಮುಗಿಸಲು ಬೇಕಾದ ಪೇಸ್ 341.27 ಸೆಕೆಂಡು, ಅಂದರೆ 5:41ಕ್ಕಿಂತ ಸ್ವಲ್ಪ ಹೆಚ್ಚು. ಯಾರಾದರೂ ಅದನ್ನು 5:42 ಎಂದು ಹಿಡಿದು ಓಡಿದರೆ 2:00:15ಕ್ಕೆ ಮುಟ್ಟುತ್ತಾರೆ, ಹದಿನೈದು ಸೆಕೆಂಡಿನಲ್ಲಿ ಗುರಿ ತಪ್ಪುತ್ತದೆ. 5:41 ಹಿಡಿದವರು 1:59:54ಕ್ಕೆ ಗೆರೆ ದಾಟುತ್ತಾರೆ. ಗುರಿಯ ಪೇಸನ್ನು ಯಾವಾಗಲೂ ಕೆಳಗಿನ ಸೆಕೆಂಡಿಗೇ ಇಳಿಸಬೇಕು:

```
=ROUNDDOWN(ROUND(B2/B1*86400,3),0)/86400
```

ಒಳಗೆ ಇನ್ನೊಂದು `ROUND` ಇರುವುದಕ್ಕೆ ಕಾರಣವಿದೆ. ದಿನದ ಭಿನ್ನರಾಶಿಗಳನ್ನು ಕಂಪ್ಯೂಟರು ಪೂರ್ತಿ ನಿಖರವಾಗಿ ಹಿಡಿದಿಡಲಾರದು. ಸರಿಯಾಗಿ 330 ಆಗಬೇಕಾದದ್ದು ಕೆಲವೊಮ್ಮೆ 329.9999999 ಆಗಿ ಉಳಿಯಬಹುದು. ಮೊದಲು ಮೂರು ದಶಮಾಂಶಕ್ಕೆ ಸರಿಪಡಿಸದೆ ನೇರವಾಗಿ ಇಳಿಸಿದರೆ ಅದು 329 ಆಗಿಬಿಡುತ್ತದೆ.

ಗುರಿಗೂ ನಿಜಕ್ಕೂ ಇರುವ ಅಂತರ ನೋಡಲು ಹೊರಟವರಿಗೆ ಎಕ್ಸೆಲ್ಲಿನಲ್ಲಿ ಇನ್ನೊಂದು ಮುಳ್ಳು ಚುಚ್ಚುತ್ತದೆ. 5:00ರಿಂದ 5:30 ಕಳೆದರೆ ಸೆಲ್ ತುಂಬ ##### ತುಂಬಿಕೊಳ್ಳುತ್ತದೆ. ಅಗಲ ಎಷ್ಟು ಹೆಚ್ಚಿಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಮಾಮೂಲಿ ವ್ಯವಸ್ಥೆಯಲ್ಲಿ ಎಕ್ಸೆಲ್‌ಗೆ ಋಣ ಸಮಯವನ್ನು ತೋರಿಸಲು ಬರುವುದಿಲ್ಲ. ವ್ಯತ್ಯಾಸವನ್ನು 86400ರಿಂದ ಗುಣಿಸಿ, ಸೆಲ್ಲನ್ನು `Number` ಮಾಡಿದರೆ −30 ಎಂದು ಬರುತ್ತದೆ. ಅಂತರವನ್ನು ಸೆಕೆಂಡಿನಲ್ಲಿ ಓದುವುದೇ ಹೆಚ್ಚು ಸಲೀಸು ಎಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಸರಿಯಾದ ಮೇಲೂ B1ರಲ್ಲಿ ಬರೆದ ದೂರ ನೀವು ಓಡುವ ದೂರವಲ್ಲ. ಸ್ಪರ್ಧೆಯ ಹಾದಿಯನ್ನು ತಿರುವುಗಳ ಒಳಅಂಚಿಗೆ ಹತ್ತಿರವಾಗಿ, ಆದಷ್ಟು ಗಿಡ್ಡ ದಾರಿಯಲ್ಲಿ ಅಳೆಯುತ್ತಾರೆ. ಹಾದಿ ಕಡಿಮೆ ಬೀಳದಿರಲೆಂದು ಸಾವಿರಕ್ಕೆ ಒಂದು ಭಾಗ ಹೆಚ್ಚಾಗಿಯೂ ಇಡುತ್ತಾರೆ. ಜನರ ನಡುವೆ ಅತ್ತಿತ್ತ ಸರಿಯುತ್ತಾ ಓಡುವವರ ಕೈಗಡಿಯಾರ ಕೊನೆಗೆ 21.3 ಕಿ.ಮೀ. ತೋರಿಸಿದರೆ ಆಶ್ಚರ್ಯವಿಲ್ಲ. ಆ ಗಡಿಯಾರ ಹೇಳುವ 5:41ನ್ನೇ ನಂಬಿ ಓಡಿದವರು 2:01:03ಕ್ಕೆ ಮುಗಿಸುತ್ತಾರೆ. ಆದ್ದರಿಂದ ಎರಡು ಗಂಟೆಯ ಗುರಿ ಇಟ್ಟವರು B1ರಲ್ಲಿ 21.3 ಬರೆದುಕೊಳ್ಳಿ, ಪೇಸ್ 5:38 ಎಂದು ಬರುತ್ತದೆ, ಅದನ್ನು ಹಿಡಿದು ಓಡಿ.