ಅರಿಶಿನದ ಪಾಲಿಶ್: ಕೈಡ್ರಮ್ಮೋ, ಮೋಟಾರ್ ಡ್ರಮ್ಮೋ?

ಚಾಮರಾಜನಗರದಿಂದ ಪುಣಜನೂರು ದಾಟಿ ಹಾಸನೂರು, ದಿಂಬಂ ಘಾಟಿಯ ಮೂಲಕ ಸತ್ಯಮಂಗಲಕ್ಕೆ ಇಳಿಯುವ ರಸ್ತೆ ನಮಗೆಲ್ಲ ಗೊತ್ತು. ಅಲ್ಲಿಂದ ಮುಂದೆ ಹೋದರೆ ಈರೋಡ್, ಅಂದರೆ ದಕ್ಷಿಣ ಭಾರತದ ದೊಡ್ಡ ಅರಿಶಿನ ಮಾರುಕಟ್ಟೆ. ನಮ್ಮ ಜಿಲ್ಲೆ ಕರ್ನಾಟಕದಲ್ಲಿ ಅರಿಶಿನ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಒಂದು. ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲೂ ಈ ಬೆಳೆ ಇರುತ್ತದೆ. ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದುತ್ತೇವಲ್ಲ, ಆ ಎರಡು ಮಾತುಗಳನ್ನು ಈ ಬೆಳೆಯ ಒಂದೇ ಒಂದು ಕೆಲಸಕ್ಕೆ ಹಚ್ಚಿ ನೋಡೋಣ. ಆ ಕೆಲಸ ಪಾಲಿಶ್.

ಕಿತ್ತ ಅರಿಶಿನವನ್ನು ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಲ್ಲಿ ಒಣಗಿಸುತ್ತಾರೆ. ಒಣಗಿದ ಕೊಂಬಿನ ಮೇಲೆ ಸಿಪ್ಪೆಯ ಹೊಟ್ಟು, ಬೇರಿನ ಚೂರು ಉಳಿದಿರುತ್ತವೆ, ಬಣ್ಣವೂ ಮಂಕಾಗಿರುತ್ತದೆ. ಒಳಮೈ ಒರಟಾಗಿರುವ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದಾಗ ಕೊಂಬುಗಳು ಜಾಲರಿಗೂ ಒಂದಕ್ಕೊಂದಕ್ಕೂ ಉಜ್ಜಿ ಹೊಟ್ಟು ಉದುರುತ್ತದೆ, ಹಳದಿ ಹೊಳಪು ಬರುತ್ತದೆ. ಈ ಡ್ರಮ್ಮನ್ನು ಇಬ್ಬರು ಆಳುಗಳು ಹಿಡಿಕೆ ಹಿಡಿದು ತಿರುಗಿಸಬಹುದು, ಇಲ್ಲವೇ ಮೋಟಾರಿಗೆ ಕಟ್ಟಬಹುದು. ಯಾವುದು ಅಗ್ಗ?

ಎರಡು ಬಗೆಯ ಖರ್ಚು

ಮುಂದೆ ಬರುವ ಬೆಲೆ, ಕೂಲಿ, ಇಳುವರಿ ಎಲ್ಲವೂ ಲೆಕ್ಕ ಕಲಿಯಲು ನಾವು ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ ಅಂಕಿ ಹಾಕಿದರೂ ದಾರಿ ಇದೇ.

ಕೈಡ್ರಮ್ಮಿನ ಬೆಲೆ 16,000 ರೂಪಾಯಿ, ಬಾಳಿಕೆ 8 ವರ್ಷ ಎಂದುಕೊಳ್ಳೋಣ. ವರ್ಷಕ್ಕೆ ಸವೆತ 2,000 ರೂಪಾಯಿ, ರಿಪೇರಿ 400 ರೂಪಾಯಿ. ಒಟ್ಟು 2,400. ಒಂದು ಕೊಂಬೂ ಪಾಲಿಶ್ ಮಾಡದಿದ್ದರೂ ಈ ಖರ್ಚು ಬಂದೇ ಬರುತ್ತದೆ. ಇದೇ ಸ್ಥಿರ ವೆಚ್ಚ. ಇಬ್ಬರು ಆಳುಗಳು ದಿನಕ್ಕೆ 5 ಕ್ವಿಂಟಲ್ ಮಾಡುತ್ತಾರೆ, ಒಬ್ಬರ ಕೂಲಿ 500 ರೂಪಾಯಿ ಎಂದರೆ ಕ್ವಿಂಟಲಿಗೆ 200 ರೂಪಾಯಿ. ಇದು ಮಾಲು ಹೆಚ್ಚಿದಂತೆ ಹೆಚ್ಚುವ ಬದಲಾಗುವ ವೆಚ್ಚ.

ಮೋಟಾರ್ ಡ್ರಮ್ಮಿನ ಬೆಲೆ 1,60,000 ರೂಪಾಯಿ. 10 ವರ್ಷ ಕಳೆದ ಮೇಲೆ ಮಾರಿದರೆ 20,000 ಬರುತ್ತದೆ ಎಂದರೆ ವರ್ಷದ ಸವೆತ 14,000. ಅಷ್ಟು ಹಣವನ್ನು ಅದರಲ್ಲಿ ಹೂಡಿದ್ದಕ್ಕೆ ಸಾಲದ ಬಡ್ಡಿಯೋ, ಅದೇ ಹಣ ಬೇರೆಡೆ ತರಬಹುದಾಗಿದ್ದ ಗಳಿಕೆಯೋ ಒಂದು ಇರುತ್ತದೆ. ಅದನ್ನು ವರ್ಷಕ್ಕೆ 10,000 ಎಂದು ಹಿಡಿಯೋಣ. ಬೇರಿಂಗ್, ಬೆಲ್ಟ್, ನೆರಳಿನ ಶೆಡ್ಡಿಗೆ 2,400. ಒಟ್ಟು ಸ್ಥಿರ ವೆಚ್ಚ 26,400. ಆದರೆ ಒಬ್ಬರೇ ಆಳು ದಿನಕ್ಕೆ 20 ಕ್ವಿಂಟಲ್ ಮುಗಿಸುವುದರಿಂದ ಕೂಲಿ ಕ್ವಿಂಟಲಿಗೆ 25 ರೂಪಾಯಿ, ಕರೆಂಟು 15 ರೂಪಾಯಿ. ಬದಲಾಗುವ ವೆಚ್ಚ 40.

ಎರಡೂ ಸಮವಾಗುವ ಜಾಗ

ಮೋಟಾರ್ ಡ್ರಮ್ ತೆಗೆದುಕೊಂಡವರು ವರ್ಷಕ್ಕೆ 24,000 ರೂಪಾಯಿ ಹೆಚ್ಚು ಸ್ಥಿರ ವೆಚ್ಚ ಹೊರುತ್ತಾರೆ. ಅದಕ್ಕೆ ಬದಲಾಗಿ ಪ್ರತಿ ಕ್ವಿಂಟಲಿಗೆ 200 ಕಳೆದು 40, ಅಂದರೆ 160 ರೂಪಾಯಿ ಉಳಿಸುತ್ತಾರೆ. ಹೀಗೆ 160, 160 ಉಳಿಸುತ್ತಾ ಹೋದರೆ 24,000 ತುಂಬಲು ಎಷ್ಟು ಕ್ವಿಂಟಲ್ ಬೇಕು?

24,000 ÷ 160 = 150 ಕ್ವಿಂಟಲ್

ತಾಳೆ ನೋಡಿ. 150 ಕ್ವಿಂಟಲಿಗೆ ಕೈಡ್ರಮ್ಮಿನ ಖರ್ಚು 2,400 + 30,000 = 32,400. ಮೋಟಾರ್ ಡ್ರಮ್ಮಿನದು 26,400 + 6,000 = 32,400. ಎರಡೂ ಒಂದೇ. ವೆಚ್ಚದ ದೃಷ್ಟಿಯಿಂದ ಇಲ್ಲಿ ಯಾವುದನ್ನು ಆರಿಸಿದರೂ ವ್ಯತ್ಯಾಸವಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಇಂಡಿಫರೆನ್ಸ್ ಪಾಯಿಂಟ್ ಎನ್ನುತ್ತಾರೆ. ನಾವು ಸಮವೆಚ್ಚ ಬಿಂದು ಎನ್ನೋಣ. ಸ್ಥಿರ ವೆಚ್ಚಗಳ ವ್ಯತ್ಯಾಸವನ್ನು ಬದಲಾಗುವ ವೆಚ್ಚಗಳ ವ್ಯತ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. ಅದಕ್ಕಿಂತ ಕಡಿಮೆ ಮಾಲಿದ್ದರೆ ಕೈ ಅಗ್ಗ, ಹೆಚ್ಚಿದ್ದರೆ ಯಂತ್ರ ಅಗ್ಗ.

ಇದು ಲಾಭ ಶುರುವಾಗುವ ಬಿಂದುವಲ್ಲ ಎಂಬುದನ್ನು ಗಮನಿಸಬೇಕು. ಬ್ರೇಕ್ ಈವನ್ ಲೆಕ್ಕದಲ್ಲಿ ಮಾರಾಟದ ಬೆಲೆ ಬರುತ್ತದೆ. ಇಲ್ಲಿ ಬೆಲೆ ಬಂದಿಲ್ಲ. ಎರಡು ವಿಧಾನದಿಂದಲೂ ಒಂದೇ ತೂಕದ, ಒಂದೇ ಗುಣದ ಮಾಲು ಬರುತ್ತದೆ ಎಂದು ನಾವು ಒಪ್ಪಿಕೊಂಡಿದ್ದೇವೆ. ಈ ಒಪ್ಪಂದಕ್ಕೆ ಆಮೇಲೆ ಬರೋಣ.

ಎಕರೆಗೆ 20 ಕ್ವಿಂಟಲ್ ಒಣ ಅರಿಶಿನ ಎಂದರೆ 150 ಕ್ವಿಂಟಲ್ ಅಂದರೆ ಏಳೂವರೆ ಎಕರೆ. ಎರಡು ಎಕರೆಯ ರೈತರಿಗೆ ಬರುವುದು 40 ಕ್ವಿಂಟಲ್. ಅವರಿಗೆ ಕೈಡ್ರಮ್ಮಿನಲ್ಲಿ 10,400 ರೂಪಾಯಿ ಖರ್ಚಾದರೆ ಸ್ವಂತ ಮೋಟಾರ್ ಡ್ರಮ್ಮಿನಲ್ಲಿ 28,000. ಕ್ವಿಂಟಲಿಗೆ ಲೆಕ್ಕ ಹಾಕಿದರೆ 260 ಎಲ್ಲಿ, 700 ಎಲ್ಲಿ!

ಯಾವ ವರ್ಷದ ಮಾಲು?

ಲೆಕ್ಕ ತಪ್ಪುವುದು ಹೆಚ್ಚಾಗಿ ಭಾಗಾಕಾರದಲ್ಲಿ ಅಲ್ಲ, ಎಷ್ಟು ಕ್ವಿಂಟಲ್ ಎಂದು ಹಿಡಿಯುವುದರಲ್ಲಿ. ಎಂಟು ಎಕರೆಯವರು ಒಳ್ಳೆಯ ವರ್ಷದ 160 ಕ್ವಿಂಟಲ್ ನೋಡಿ, 150 ದಾಟಿತು, ಯಂತ್ರ ತರೋಣ ಎನ್ನಬಹುದು. ಆದರೆ ಅರಿಶಿನವನ್ನು ಅದೇ ಹೊಲದಲ್ಲಿ ವರ್ಷ ವರ್ಷವೂ ಹಾಕುವುದಿಲ್ಲ. ಗೆಡ್ಡೆ ಕೊಳೆ ರೋಗ ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೂ ಹತ್ತುವುದರಿಂದ ಬೇರೆ ಬೆಳೆ ಹಾಕಿ ಬದಲಾಯಿಸಬೇಕಾಗುತ್ತದೆ.

ಅವರು ಒಂದು ವರ್ಷ ಬಿಟ್ಟು ಒಂದು ವರ್ಷ ಬೆಳೆದರು ಎನ್ನಿ. ಬೆಳೆದ ವರ್ಷ ಕೈಡ್ರಮ್ಮಿನ ಖರ್ಚು 34,400, ಮೋಟಾರಿನದು 32,800. ಯಂತ್ರವೇ 1,600 ರೂಪಾಯಿ ಅಗ್ಗ. ಮರುವರ್ಷ ಬೆಳೆ ಇಲ್ಲ. ಆಗ ಕೈಡ್ರಮ್ಮಿಗೆ 2,400, ಮೋಟಾರಿಗೆ 26,400. ಎರಡು ವರ್ಷ ಕೂಡಿಸಿದರೆ ಕೈಡ್ರಮ್ 36,800, ಮೋಟಾರ್ 59,200. ಉಳಿತಾಯ ಎಂದುಕೊಂಡದ್ದು 22,400 ರೂಪಾಯಿ ನಷ್ಟವಾಯಿತು. ಯಂತ್ರ ಮೂಲೆಯಲ್ಲಿ ನಿಂತಿದ್ದರೂ ಅದರ ಸ್ಥಿರ ವೆಚ್ಚ ನಿಲ್ಲುವುದಿಲ್ಲ. ಆದ್ದರಿಂದ ಹಿಡಿಯಬೇಕಾದದ್ದು ನಾಲ್ಕೈದು ವರ್ಷದ ಸರಾಸರಿ.

ಮನೆಯವರ ದುಡಿಮೆ

ಕ್ವಿಂಟಲಿಗೆ 200 ರೂಪಾಯಿ ಎಂದದ್ದು ಕೂಲಿ ಆಳಿನ ಲೆಕ್ಕ. ಮನೆಯವರೇ ಇಬ್ಬರು ಡ್ರಮ್ ತಿರುಗಿಸಿದರೆ? ಆ ದಿನ ಅವರು ಬೇರೆಡೆ ಕೂಲಿಗೆ ಹೋಗಬಹುದಿತ್ತು ಎಂದಾದರೆ ಬಿಟ್ಟ ಕೂಲಿಯೇ ಖರ್ಚು, ಲೆಕ್ಕ ಬದಲಾಗುವುದಿಲ್ಲ. ಆ ದಿನಗಳಲ್ಲಿ ಊರಿನಲ್ಲಿ ಬೇರೆ ಕೆಲಸವೇ ಇಲ್ಲ ಎಂದಾದರೆ ಕೈಡ್ರಮ್ಮಿನ ಬದಲಾಗುವ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಮೋಟಾರಿನದು ಆಗಲೂ ಕರೆಂಟಿನ 15 ರೂಪಾಯಿ ಇದ್ದೇ ಇದೆ. ಆಗ ಸ್ಥಿರ ವೆಚ್ಚವೂ ಬದಲಾಗುವ ವೆಚ್ಚವೂ ಯಂತ್ರದ ಕಡೆಗೇ ಹೆಚ್ಚು. ಗ್ರಾಫ್ ಬರೆದರೆ ಎರಡು ಗೆರೆಗಳು ಸೇರುವುದೇ ಇಲ್ಲ, ಸಮವೆಚ್ಚ ಬಿಂದುವೇ ಇರುವುದಿಲ್ಲ.

ಕೂಲಿ ಏರಿದರೆ ಬಿಂದು ಕೆಳಗಿಳಿಯುತ್ತದೆ. ಆಳಿನ ಕೂಲಿ 600 ಆದರೆ ಕೈಡ್ರಮ್ಮಿನ ವೆಚ್ಚ 240, ಮೋಟಾರಿನದು 45. ವ್ಯತ್ಯಾಸ 195. ಆಗ 123 ಕ್ವಿಂಟಲಿಗೇ ಎರಡೂ ಸಮ.

ಬಾಡಿಗೆ ಎಂಬ ಮೂರನೆಯ ದಾರಿ

ಟ್ರ್ಯಾಕ್ಟರಿಗೆ ಜೋಡಿಸುವ ಪಾಲಿಶ್ ಡ್ರಮ್ ಬಾಡಿಗೆಗೆ ಕಣಕ್ಕೇ ಬರುತ್ತದೆ, ಕ್ವಿಂಟಲಿಗೆ 120 ರೂಪಾಯಿ ಎನ್ನೋಣ. ಸ್ಥಿರ ವೆಚ್ಚ ಸೊನ್ನೆ. ಕೂಲಿ ಕೊಟ್ಟು ಮಾಡಿಸುವ ಕೈಡ್ರಮ್ಮಿಗಿಂತ ಇದು ಎಷ್ಟೇ ಮಾಲಿಗೂ ಅಗ್ಗ. ಹಾಗಾದರೆ 150 ಎಂಬ ನಮ್ಮ ಉತ್ತರಕ್ಕೆ ಬೆಲೆಯೇ ಉಳಿಯಲಿಲ್ಲ. ಈಗ ಕೇಳಬೇಕಾದದ್ದು ಸ್ವಂತ ಮೋಟಾರೋ ಬಾಡಿಗೆಯೋ ಎಂದು. 26,400ನ್ನು 120 ಮತ್ತು 40ರ ವ್ಯತ್ಯಾಸವಾದ 80ರಿಂದ ಭಾಗಿಸಿದರೆ 330 ಕ್ವಿಂಟಲ್.

ತಲಾ 40 ಕ್ವಿಂಟಲ್ ಬೆಳೆಯುವ ನಾಲ್ಕು ಮನೆಯವರು ಸೇರಿ ಯಂತ್ರ ಕೊಂಡರೆ 160 ಕ್ವಿಂಟಲ್ ಆಗಿ ಕೈಡ್ರಮ್ಮನ್ನು ಗೆಲ್ಲುತ್ತಾರೆ, ಆದರೆ ಬಾಡಿಗೆಗೆ ಸೋಲುತ್ತಾರೆ. ಬಾಡಿಗೆಯನ್ನೂ ಗೆಲ್ಲಲು ಒಂಬತ್ತು ಮನೆ ಸೇರಬೇಕು. ಬಾಡಿಗೆ ಡ್ರಮ್ ಸರಿಯಾದ ಹೊತ್ತಿಗೆ ಸಿಗದೆ, ಬೇಸಿಗೆ ಮಳೆ ಬಂದು ಒಣಗಿದ ಮಾಲು ಮತ್ತೆ ತೇವವಾಗುವ ಭಯವಿದ್ದರೆ ಆ ಕಾಯುವಿಕೆಗೂ ಒಂದು ಬೆಲೆ ಕಟ್ಟಿ ಸೇರಿಸಬೇಕಾಗುತ್ತದೆ.

ಒಂದು ಕಿಲೋ ಪುಡಿ

ಈಗ ಆ ಒಪ್ಪಂದಕ್ಕೆ ಬರೋಣ. ಹೊಟ್ಟಿನ ಜೊತೆ ಒಳ್ಳೆಯ ಅರಿಶಿನವೂ ಸ್ವಲ್ಪ ಪುಡಿಯಾಗಿ ಉದುರುತ್ತದೆ. ಮೋಟಾರ್ ಡ್ರಮ್ಮನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓಡಿಸಿದರೆ ಈ ನಷ್ಟ ಹೆಚ್ಚು. ಸರಿಯಾಗಿ ಒಣಗದ ಕೊಂಬು ಹಾಕಿದರೆ ಪಾಲಿಶ್ ಚೆನ್ನಾಗಿ ಆಗುವುದಿಲ್ಲ. ಒಣಗಿದ ಕೊಂಬನ್ನು ಮುರಿದರೆ ಲೋಹದ ಹಾಗೆ ಟಣ್ಣೆನ್ನುವ ಸದ್ದು ಬರಬೇಕು, ಬಗ್ಗಬಾರದು.

ಕೈಡ್ರಮ್ಮಿಗಿಂತ ಮೋಟಾರಿನಲ್ಲಿ ಕ್ವಿಂಟಲಿಗೆ ಒಂದೇ ಒಂದು ಕಿಲೋ ಹೆಚ್ಚು ಹೋಗುತ್ತದೆ, ಅರಿಶಿನದ ಬೆಲೆ ಕ್ವಿಂಟಲಿಗೆ 10,000 ಎಂದುಕೊಳ್ಳಿ. ಆ ಕಿಲೋದ ಬೆಲೆ 100 ರೂಪಾಯಿ. ಮೋಟಾರಿನ ಬದಲಾಗುವ ವೆಚ್ಚ 40 ಇದ್ದದ್ದು 140 ಆಯಿತು. ಉಳಿತಾಯ 160 ಇದ್ದದ್ದು 60ಕ್ಕೆ ಇಳಿಯಿತು. 24,000 ÷ 60 = 400. ಕೈಡ್ರಮ್ಮಿನೊಂದಿಗಿನ ಸಮವೆಚ್ಚ ಬಿಂದು 150ರಿಂದ 400ಕ್ಕೆ ಹಾರಿತು. ಇದನ್ನು ಕಂಡುಹಿಡಿಯಲು ತಕ್ಕಡಿ ಸಾಕು: ಒಂದೇ ರಾಶಿಯಿಂದ ತಲಾ ಒಂದು ಕ್ವಿಂಟಲ್ ತೆಗೆದು ಎರಡು ಡ್ರಮ್ಮಿಗೂ ಹಾಕಿ, ಒಂದೇ ಹೊಳಪು ಬರುವವರೆಗೆ ತಿರುಗಿಸಿ, ಹೊರಬಂದ ಕೊಂಬನ್ನು ತೂಗಬೇಕು.

ಮನೆಯಲ್ಲಿ ಯಂತ್ರದ ಮಾತು ಬಂದರೆ ಕೇಳಬೇಕಾದ ಅಂಕಿಗಳು ಇಷ್ಟೇ: ಕಳೆದ ಐದು ವರ್ಷದಲ್ಲಿ ಪ್ರತಿ ವರ್ಷ ಪಾಲಿಶ್ ಮಾಡಿದ ಕ್ವಿಂಟಲ್, ಬೆಳೆ ಇಲ್ಲದ ವರ್ಷವಿದ್ದರೆ ಅದರ ಸೊನ್ನೆಯೂ ಸೇರಿ, ಕೈಗೆ ಮತ್ತು ಯಂತ್ರಕ್ಕೆ ಕ್ವಿಂಟಲಿಗೆ ತಗಲುವ ಖರ್ಚು, ಊರಿನ ಬಾಡಿಗೆ ದರ, ಎರಡು ಡ್ರಮ್ಮುಗಳ ತೂಕದ ನಷ್ಟ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಭಾಗಾಕಾರಕ್ಕೆ ಎರಡು ನಿಮಿಷ ಸಾಕು.